ಪದಚರ್ಚೆ: 'ಸ್ಟೇಟ್ ಪ್ರೈಸ್' ಮತ್ತು 'ರಿಸ್ಕ್ ನ್ಯೂಟ್ರಲ್' ಸಂಭವನೀಯತೆಗೆ ಕನ್ನಡದಲ್ಲಿ ಏನನ್ನೋಣ?

ಪೆರ್ಲದಿಂದ

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜಿನಲ್ಲಿ ಕಾಮರ್ಸ್ ಕಲಿಸುವವಳು. ನಮ್ಮ ಕಾಸರಗೋಡಿನ ಮಕ್ಕಳಲ್ಲಿ ತುಂಬಾ ಮಂದಿ ಹತ್ತರ ತನಕ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು. ಅವರಿಗೋಸ್ಕರ ಕನ್ನಡದಲ್ಲಿ ನೋಟ್ಸ್ ಬರೆಯುತ್ತಿದ್ದೇನೆ. ಎರಡು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು 'ಸ್ಟೇಟ್ ಪ್ರೈಸ್'. ವಿಷಯ ಹೀಗಿದೆ. ಒಂದು ವರ್ಷ ಕಳೆದ ಮೇಲೆ ಏನೇನು ಆಗಬಹುದು ಅಂತ ಮೊದಲೇ ಬರೆದಿಟ್ಟುಕೊಳ್ಳುತ್ತೇವೆ. ಮಾರುಕಟ್ಟೆ ಬಿದ್ದಿರಬಹುದು, ಹಾಗೇ ಇರಬಹುದು, ಏರಿರಬಹುದು. ಈಗ ಒಂದು ಚೀಟಿ ಇದೆ ಅಂದುಕೊಳ್ಳಿ. ಮಾರುಕಟ್ಟೆ ಬಿದ್ದರೆ ಮಾತ್ರ ಅದು ಒಂದು ರೂಪಾಯಿ ಕೊಡುತ್ತದೆ. ಬೇರೆ ಏನಾದರೂ ಏನೂ ಇಲ್ಲ. ಆ ಚೀಟಿಗೆ ಇವತ್ತು ಎಷ್ಟು ಕೊಡಬೇಕೋ ಅದೇ ಆ ಸ್ಥಿತಿಯ ಸ್ಟೇಟ್ ಪ್ರೈಸ್. ಅರ್ಥಶಾಸ್ತ್ರಜ್ಞರಾದ ಆರೋ ಮತ್ತು ಡೆಬ್ರೂ 1950ರ ದಶಕದಲ್ಲಿ ಬೆಳೆಸಿದ ವಿಚಾರ. ಒಬ್ಬರು ನನಗೆ 'ರಾಜ್ಯ ಬೆಲೆ' ಅಂತ ಅನುವಾದಿಸಿ ಕೊಟ್ಟಿದ್ದಾರೆ. ನನಗೆ ಸರಿ ಕಾಣುವುದಿಲ್ಲ.

ಎರಡನೆಯದು 'ರಿಸ್ಕ್ ನ್ಯೂಟ್ರಲ್ ಪ್ರಾಬಬಿಲಿಟಿ'. 'ಅಪಾಯ ತಟಸ್ಥ ಸಂಭವನೀಯತೆ' ಅಂತ ಬರೆದೆ. ಯಾರು ತಟಸ್ಥ, ಟೀಚರ್, ಅಂತ ಮಕ್ಕಳು ಕೇಳುತ್ತಾರೆ. ಸಂಭವನೀಯತೆ ಹೇಗೆ ತಟಸ್ಥ ಆಗುತ್ತದೆ? ಅವರ ಪ್ರಶ್ನೆ ನ್ಯಾಯವೇ ಅಲ್ವಾ.

ಕುಂಬಳೆಯಿಂದ

ಟೀಚರೇ, ರಾಜ್ಯ ಬೆಲೆಯಲ್ಲಿ ಏನು ತಪ್ಪು? ಸರ್ಕಾರ ನಿಗದಿ ಮಾಡುವ ಬೆಲೆ ತಾನೇ? ನಾವು ಗಡಿಯಲ್ಲಿರುವ ಅಡಿಕೆ ಬೆಳೆಗಾರರಿಗೆ ಇದು ದಿನಾ ಇರುವ ತಲೆನೋವು. ತೋಟ ಕೇರಳದಲ್ಲಿ, ಅಡಿಕೆ ಹೋಗುವುದು ಮಂಗಳೂರಿಗೆ. ಯಾವ ರಾಜ್ಯ ಏನು ಘೋಷಿಸಿದರೂ ನಮ್ಮ ತನಕ ಬರುವಾಗ ಅರ್ಥವೇ ಬೇರೆ ಆಗಿರುತ್ತದೆ. ಇದನ್ನೂ ನಿಮ್ಮ ನೋಟ್ಸಿಗೆ ಸೇರಿಸಿ.

ಮತ್ತೆ 'ಚೀಟಿ' ಅನ್ನಬೇಡಿ. ನಮ್ಮಲ್ಲಿ ಚಿಟ್ಟಿ ಅಂದರೆ ತಿಂಗಳು ತಿಂಗಳು ಕಟ್ಟಿ, ಹರಾಜಿನಲ್ಲಿ ಹಿಡಿಯುವುದು. ಮಕ್ಕಳು ಅದನ್ನೇ ಅಂದುಕೊಳ್ಳುತ್ತಾರೆ.

ಇನ್ನೊಂದು ಮಾತು. ಮಹಾಳಿ ರೋಗ ಬಂದು ಅಡಿಕೆಯ ಎಳೆಕಾಯಿ ಎಲ್ಲ ಉದುರಿದ ವರ್ಷ ಒಂದು ರೂಪಾಯಿ ಸಿಕ್ಕಿದರೆ ಅದರ ತೂಕವೇ ಬೇರೆ. ಒಳ್ಳೆಯ ಫಸಲಿನ ವರ್ಷದ ರೂಪಾಯಿಯನ್ನು ಅದರ ಪಕ್ಕ ಇಡಲಿಕ್ಕಾಗುವುದಿಲ್ಲ.

ಉಪ್ಪಳದಿಂದ

ಅಕ್ಕ, ಇದು ಸರ್ಕಾರದ ಬೆಲೆ ಅಲ್ಲವೇ ಅಲ್ಲ. ನಾನು ಆಪ್ಷನ್ ವ್ಯಾಪಾರ ಮಾಡುತ್ತೇನೆ, ಹಾಗಾಗಿ ಇದು ಗೊತ್ತಿದೆ. ಎಲ್ಲ ಸ್ಥಿತಿಗಳ ಬೆಲೆಯನ್ನು ಕೂಡಿಸಿ. ಬಂದ ಮೊತ್ತದಿಂದ ಒಂದೊಂದನ್ನೂ ಭಾಗಿಸಿ. ಸಂಭವನೀಯತೆ ಸಿಕ್ಕಿತು. ಯಾವುದು ಆಗುವ ಸಾಧ್ಯತೆ ಎಷ್ಟು ಅಂತ ಮಾರುಕಟ್ಟೆ ನಂಬಿದೆಯೋ ಅದೇ ಇದು. ಹಾಗಾಗಿ 'ಮಾರುಕಟ್ಟೆಯ ನಂಬಿಕೆ' ಅಂತ ನೇರವಾಗಿ ಬರೆಯಿರಿ. ತಟಸ್ಥ ಗಿಟಸ್ಥ ಬೇಡ.

ಮುಂಬೈಯಿಂದ, ಊರು ಮಂಜೇಶ್ವರ

ಉಪ್ಪಳದವರ ಲೆಕ್ಕ ಸರಿ. ಅದಕ್ಕೆ ಅವರು ಕೊಟ್ಟ ಅರ್ಥ ಸರಿಯಲ್ಲ. ಪದ ಆರಿಸುವ ಮೊದಲು ಒಂದು ಉದಾಹರಣೆ ನೋಡೋಣ. ಬ್ಯಾಂಕಿನ ಟ್ರೆಷರಿಯಲ್ಲಿ ಇಷ್ಟು ವರ್ಷ ಇದೇ ಕೆಲಸ ಮಾಡಿದವನು ನಾನು. ಅಂಕಿಗಳು ಸುಮ್ನೆ ಲೆಕ್ಕಕ್ಕೆ.

ಒಂದು ಷೇರು ಒಂದು ವರ್ಷದ ನಂತರ 80, 100 ಅಥವಾ 130 ರೂಪಾಯಿ ಆಗಬಹುದು. ಬೇರೆ ಸಾಧ್ಯತೆ ಇಲ್ಲ. ಇವತ್ತು ಅದರ ಬೆಲೆ 96.50. ಆಗ 1 ರೂಪಾಯಿ ಖಂಡಿತ ಕೊಡುವ ಬಾಂಡಿಗೆ ಇವತ್ತು 95 ಪೈಸೆ. 100 ರೂಪಾಯಿಗೆ ಷೇರು ಕೊಳ್ಳುವ ಹಕ್ಕು, ಅಂದರೆ ಕಾಲ್ ಆಪ್ಷನ್, 7.50ಕ್ಕೆ ಸಿಗುತ್ತದೆ. ಷೇರು 80 ಆದಾಗ ಸಿಗುವ ಒಂದು ರೂಪಾಯಿಯ ಬೆಲೆ a, 100 ಆದಾಗಿನದು b, 130 ಆದಾಗಿನದು c ಅಂತ ಇಟ್ಟುಕೊಳ್ಳಿ.

```
a + b + c           = 0.95
80a + 100b + 130c   = 96.50
30c                 = 7.50
```

ಕಾಲ್‌ನಿಂದ ಶುರು ಮಾಡಿ. ಅದು 130ರಲ್ಲಿ ಮಾತ್ರ 30 ರೂಪಾಯಿ ಕೊಡುತ್ತದೆ, ಹಾಗಾಗಿ c 25 ಪೈಸೆ. ಉಳಿದ ಎರಡು ಸಾಲಿನಿಂದ a 30 ಪೈಸೆ, b 40 ಪೈಸೆ ಬರುತ್ತದೆ. ಅಂಥ ಒಂದು ರೂಪಾಯಿಯ ಪತ್ರವನ್ನು ಯಾರೂ ಬೇರೆಯಾಗಿ ಮಾರುತ್ತಿಲ್ಲ, ಗಮನಿಸಿ. ಇರುವ ಮೂರು ಪತ್ರಗಳ ಒಳಗೆ ಅವುಗಳ ಬೆಲೆ ಅಡಗಿತ್ತು, ನಾವು ಬಿಡಿಸಿ ತೆಗೆದೆವು.

ಈಗ ಒಂದೊಂದನ್ನೂ 0.95ರಿಂದ ಭಾಗಿಸಿ. 0.316, 0.421, 0.263 ಬರುತ್ತದೆ. ಕೂಡಿಸಿದರೆ 1. ಇದೇ ರಿಸ್ಕ್ ನ್ಯೂಟ್ರಲ್ ಸಂಭವನೀಯತೆ.

ಮಾರುಕಟ್ಟೆಯಲ್ಲಿರುವವರು ಷೇರು 80ಕ್ಕೆ ಬೀಳುವ ಸಾಧ್ಯತೆ 31.6% ಅಂತ ನಂಬಿದ್ದಾರೆ ಅಂತ ಇದರ ಅರ್ಥ ಆಗಬೇಕಾಗಿಲ್ಲ. ಅವರ ನಿಜವಾದ ಅಂದಾಜು 20%, 45%, 35% ಇದ್ದಿರಬಹುದು. ಆ ಅಂದಾಜಿನಲ್ಲಿ ಷೇರಿನ ಸರಾಸರಿ 106.50. ಇವತ್ತು 96.50 ಕೊಟ್ಟವರಿಗೆ ಸುಮಾರು 10.4% ಲಾಭದ ನಿರೀಕ್ಷೆ. ಬಾಂಡಿನಲ್ಲಿ ಸಿಗುವುದು ಸುಮಾರು 5.3%. ಆ ಹೆಚ್ಚಿನ ಲಾಭ ರಿಸ್ಕ್ ಹೊತ್ತದ್ದಕ್ಕೆ.

ಹಾಗಾದರೆ 20% ಸಾಧ್ಯತೆ ಇರುವ ರೂಪಾಯಿಗೆ ಜನ 30 ಪೈಸೆ ಯಾಕೆ ಕೊಡುತ್ತಾರೆ? ಕುಂಬಳೆ ಅಣ್ಣ ಹೇಳಿದ್ದು ಇಲ್ಲಿಗೆ ಬರುತ್ತದೆ. ಪ್ರಶ್ನೆಯನ್ನು ಅವರು ಬೇರೆ ಅರ್ಥದಲ್ಲಿ ತೆಗೆದುಕೊಂಡರು, ಆದರೆ ಮಹಾಳಿ ವರ್ಷದ ರೂಪಾಯಿಯ ಮಾತು ನೇರ ಗುರಿಗೆ ತಾಗಿದೆ. ಎಲ್ಲರ ಕೈ ಖಾಲಿ ಇರುವ ವರ್ಷ ಬರುವ ರೂಪಾಯಿಗೆ ಬೆಲೆ ಜಾಸ್ತಿ. a ಒಳಗೆ ಎರಡು ಸಂಗತಿ ಬೆರೆತಿವೆ: ಅದು ಆಗುವ ಸಾಧ್ಯತೆ, ಆಗ ರೂಪಾಯಿ ಎಷ್ಟು ಬೇಕಾಗುತ್ತದೆ ಅನ್ನುವುದು. ಬೆಲೆಯನ್ನು ಮಾತ್ರ ನೋಡಿ ಇವೆರಡನ್ನು ಬೇರೆ ಮಾಡಲಿಕ್ಕಾಗುವುದಿಲ್ಲ. 'ಮಾರುಕಟ್ಟೆಯ ನಂಬಿಕೆ' ಅಂತ ಬರೆದರೆ ಎರಡನೆಯ ಸಂಗತಿಯೇ ಮಾಯವಾಗುತ್ತದೆ.

ಟೀಚರ್, ನಿಮ್ಮ ಮಕ್ಕಳಿಗೆ ಉತ್ತರ ಇದು: ಇಲ್ಲಿ ನಿಜವಾಗಿ ಯಾರೂ ತಟಸ್ಥರಲ್ಲ. ರಿಸ್ಕಿನ ಬಗ್ಗೆ ಚಿಂತೆಯೇ ಇಲ್ಲದ ಒಬ್ಬರನ್ನು ಕಲ್ಪಿಸಿಕೊಳ್ಳಿ. ಅವರಿಗೂ ಇದೇ ಬೆಲೆಗಳು ಸರಿ ಕಾಣಬೇಕಾದರೆ ಅವರು ಯಾವ ಸಂಭವನೀಯತೆ ನಂಬಿರಬೇಕು? ಆ ಅಂಕಿಗಳು ಇವು. 101.58 ಅವರ ಸರಾಸರಿ. ಅದನ್ನು 0.95ರಿಂದ ಗುಣಿಸಿದರೆ ಸರಿಯಾಗಿ 96.50.

ಪದದ ಬಗ್ಗೆ: ಮೊದಲನೆಯದಕ್ಕೆ 'ಸನ್ನಿವೇಶ ಬೆಲೆ' ಸಾಕು. ಎರಡನೆಯದಕ್ಕೆ 'ಬೆಲೆಯಿಂದ ಬಿಡಿಸಿದ ಸಂಭವನೀಯತೆ' ಅಂತ ನನ್ನ ಸಲಹೆ. ಎಲ್ಲಿಂದ ಬಂತು ಅನ್ನುವುದು ಹೆಸರಿನಲ್ಲೇ ಇರುತ್ತದೆ.

ಉಪ್ಪಳದಿಂದ

ಒಪ್ಪಿದೆ. ಆದರೆ ನಿಫ್ಟಿಯಲ್ಲಿ ಇದನ್ನು ಮಾಡಲಿಕ್ಕೆ ಹೋದರೆ ಬೇರೆಯೇ ಬರುತ್ತದೆ. ಉದಾಹರಣೆಗೆ, 24,000ದ ಕಾಲ್ 412, 24,100ದ್ದು 358, 24,200ದ್ದು 303 ಅಂತ ಪರದೆಯಲ್ಲಿ ಕಾಣುತ್ತಿದೆ ಅನ್ನಿ. ಬಟರ್‌ಫ್ಲೈ ಕಟ್ಟುತ್ತೇನೆ: ಎರಡು ಬದಿಯದನ್ನು ಒಂದೊಂದು ಕೊಂಡು, ನಡುವಿನದನ್ನು ಎರಡು ಮಾರುತ್ತೇನೆ. 412 ಮತ್ತು 303 ಸೇರಿ 715. ಮಾರಿದ್ದರಿಂದ 716. ನನಗೇ ಒಂದು ರೂಪಾಯಿ ಸಿಕ್ಕಿತು! ಸನ್ನಿವೇಶ ಬೆಲೆ ಸೊನ್ನೆಗಿಂತ ಕೆಳಗೆ. ಸಂಭವನೀಯತೆ ಮೈನಸ್ ಆಗುತ್ತದಾ?

ಮುಂಬೈಯಿಂದ, ಊರು ಮಂಜೇಶ್ವರ

ಆಗುವುದಿಲ್ಲ. ಮೈನಸ್ ಬಂದರೆ ಮೊದಲು ಅಂಕಿಗಳನ್ನೇ ಅನುಮಾನಿಸಬೇಕು. ನೀವು ನೋಡುವುದು ಕೊನೆಯ ವ್ಯವಹಾರದ ಬೆಲೆ. 24,100ದ್ದು ಅರ್ಧ ಗಂಟೆ ಹಿಂದಿನದಿರಬಹುದು, ಉಳಿದ ಎರಡು ಈಗಿನದು. ಕೊಳ್ಳುವುದಕ್ಕೆ ಮಾರುವವರು ಕೇಳುವ ಬೆಲೆ ಹಾಕಿ, ಮಾರುವುದಕ್ಕೆ ಕೊಳ್ಳುವವರು ಕೊಡುವ ಬೆಲೆ ಹಾಕಿ. 414 ಮತ್ತು 305 ಕೊಟ್ಟು, 355ರಂತೆ ಎರಡು ಮಾರಿದರೆ ನಿಮ್ಮ ಕೈಯಿಂದ 9 ರೂಪಾಯಿ ಹೋಗುತ್ತದೆ. ಪುಕ್ಕಟೆ ಹಣ ಇರಲಿಲ್ಲ.

ಮೂರೂ ಒಂದೇ ಹೊತ್ತಿನ ಬೆಲೆಯಾಗಿ ನಡುವಿನದು 356 ಇದ್ದರೆ ಬಟರ್‌ಫ್ಲೈಗೆ 3 ರೂಪಾಯಿ. ನಿಫ್ಟಿ ಸರಿಯಾಗಿ 24,100ಕ್ಕೆ ನಿಂತರೆ ಅದು 100 ಕೊಡುತ್ತದೆ, ಹಾಗಾಗಿ ಒಂದು ರೂಪಾಯಿಗೆ 3 ಪೈಸೆ. 24,050ಕ್ಕೆ ನಿಂತರೂ 50 ಕೊಡುತ್ತದೆ ಅನ್ನುವುದು ನೆನಪಿರಲಿ. ಅಂದರೆ ಆ 3 ಪೈಸೆ ಒಂದೇ ಬಿಂದುವಿನದಲ್ಲ, ಅದರ ಆಸುಪಾಸಿನದು. 24,000, 24,100 ಅನ್ನುವ ಈ ಸ್ಟ್ರೈಕ್‌ಗಳ ಅಂತರ ಕಡಿಮೆ ಮಾಡುತ್ತಾ ಹೋದರೆ ಒಂದೊಂದು ಬಿಂದುವಿನ ಬೆಲೆಗೇ ಹತ್ತಿರ ಹೋಗಬಹುದು ಅಂತ 1978ರಲ್ಲಿ ಬ್ರೀಡನ್ ಮತ್ತು ಲಿಟ್ಜೆನ್‌ಬರ್ಗರ್ ತೋರಿಸಿದರು. ಆದರೆ ಅಂತರ ಕಡಿಮೆಯಾದಷ್ಟೂ ನಿಮ್ಮ ಮೈನಸ್‌ನಂಥ ತೊಂದರೆ ಜಾಸ್ತಿ. ಒಂದೆರಡು ರೂಪಾಯಿಯ ವ್ಯತ್ಯಾಸವೇ ಉತ್ತರವನ್ನು ತಿರುಗಿಸಿಬಿಡುತ್ತದೆ.

ಮೊತ್ತದಿಂದ ಭಾಗಿಸುವಾಗಲೂ ಜೋಪಾನ. ತುಂಬಾ ಕೆಳಗಿನ, ತುಂಬಾ ಮೇಲಿನ ಸ್ಟ್ರೈಕ್‌ಗಳಲ್ಲಿ ವ್ಯಾಪಾರವೇ ಇರುವುದಿಲ್ಲ. ಅಲ್ಲಿನ ಬೆಲೆ ನಿಮ್ಮ ಪಟ್ಟಿಗೆ ಬರುವುದಿಲ್ಲ. ನಿಮ್ಮದೇ ಮೊತ್ತದಿಂದ ಭಾಗಿಸಿದರೆ ಉತ್ತರ ಯಾವತ್ತೂ 1ಕ್ಕೆ ಕೂಡುತ್ತದೆ, ಕೊರತೆ ಕಣ್ಣಿಗೇ ಬೀಳುವುದಿಲ್ಲ. ಮೊದಲು ಆ ಮೊತ್ತವನ್ನು ಅದೇ ಅವಧಿಯ ಟ್ರೆಷರಿ ಬಿಲ್ ಬೆಲೆಯ ಜೊತೆ ಹೋಲಿಸಿ. ಬಿಲ್ 0.98 ಅಂದು, ನಿಮ್ಮದು 0.91 ಬಂದರೆ 7 ಪೈಸೆಯಷ್ಟು ಸನ್ನಿವೇಶಗಳು ತಪ್ಪಿಹೋಗಿವೆ.

ಹೊಸೂರಿನಿಂದ

ನಾನು ಸಂಖ್ಯಾಶಾಸ್ತ್ರ ಕಲಿಸಿದವಳು. ಮಂಜೇಶ್ವರದವರ ಮೊದಲ ಉದಾಹರಣೆಗೆ ಒಂದು ಮಾತು ಸೇರಿಸುತ್ತೇನೆ. ಆ ಕಾಲ್ ಆಪ್ಷನ್ ಇಲ್ಲದಿದ್ದರೆ? ಬಾಂಡ್, ಷೇರು ಎರಡೇ ಪತ್ರ, ಸನ್ನಿವೇಶ ಮೂರು. ಲೆಕ್ಕ ಹಾಕಿ ನೋಡಿದೆ. a ಸೊನ್ನೆಯಿಂದ 54 ಪೈಸೆಯ ತನಕ ಏನು ಬೇಕಾದರೂ ಆಗಬಹುದು, ಎಲ್ಲವೂ ಅದೇ ಎರಡು ಬೆಲೆಗೆ ಹೊಂದುತ್ತವೆ. ಹಾಗಾಗಿ 'ಬಿಡಿಸಿದ' ಅನ್ನುವ ಪದ ನನಗೆ ಒಗ್ಗುವುದಿಲ್ಲ. ಬಿಡಿಸಿದರೆ ಒಂದೇ ಉತ್ತರ ಬರುತ್ತದೆ ಅನ್ನುವ ಭಾವನೆ ಅದರಲ್ಲಿದೆ. 'ಬೆಲೆಗೆ ಹೊಂದುವ ಸಂಭವನೀಯತೆ' ಅನ್ನಿ, ಎರಡೂ ಸಂದರ್ಭಕ್ಕೆ ಸರಿಹೋಗುತ್ತದೆ.

ಇನ್ನು, ಬೆಲೆಯಿಂದ ನಿಜವಾದ ಸಂಭವನೀಯತೆ ತೆಗೆಯಲಿಕ್ಕಾಗುವುದಿಲ್ಲ ಅನ್ನುವುದು ಅಷ್ಟು ಖಡಾಖಂಡಿತ ಅಲ್ಲ. ಸ್ಟೀಫನ್ ರಾಸ್ 2015ರಲ್ಲಿ ಪ್ರಕಟಿಸಿದ ರಿಕವರಿ ಥಿಯರಮ್ ಕೆಲವು ಷರತ್ತುಗಳ ಮೇಲೆ ಆಗುತ್ತದೆ ಅನ್ನುತ್ತದೆ.

ಮುಂಬೈಯಿಂದ, ಊರು ಮಂಜೇಶ್ವರ

ಆ ಷರತ್ತುಗಳು ನಿಜ ಮಾರುಕಟ್ಟೆಗೆ ಒಪ್ಪುವುದಿಲ್ಲ ಅಂತ ಬೊರೊವಿಚ್ಕಾ, ಹ್ಯಾನ್ಸನ್, ಶೈಂಕ್‌ಮನ್ ಮರುವರ್ಷವೇ ಬರೆದರು. ನಾನು ಅವರ ಕಡೆ. ನೀವು ಒಪ್ಪಬೇಕಾಗಿಲ್ಲ. 'ಹೊಂದುವ' ಮಾತ್ರ ನನ್ನ ಪದಕ್ಕಿಂತ ಒಳ್ಳೆಯದು, ಅದನ್ನೇ ಇಡಿ.

ಕುಂಬಳೆಯಿಂದ

ಸರ್ಕಾರದ ಬೆಲೆ ಅಲ್ಲ ಅಂತ ಈಗ ಗೊತ್ತಾಯಿತು. 'ಸನ್ನಿವೇಶ' ಅಂದರೆ ನಮಗೆ ಯಕ್ಷಗಾನದ ಸನ್ನಿವೇಶ ನೆನಪಾಗುತ್ತದೆ. ಆದರೂ 'ರಾಜ್ಯ'ಕ್ಕಿಂತ ವಾಸಿ.

ಪೆರ್ಲದಿಂದ

'ಸನ್ನಿವೇಶ ಬೆಲೆ' ಅಂತ ಬರೆಯುತ್ತೇನೆ. 'ಚೀಟಿ' ತೆಗೆದು 'ಪತ್ರ' ಹಾಕಿದೆ. ಎರಡನೆಯದಕ್ಕೆ 'ಬೆಲೆಗೆ ಹೊಂದುವ ಸಂಭವನೀಯತೆ' ಹಾಕಿ, ಪರೀಕ್ಷೆಯಲ್ಲಿ ಕೇಳುವುದರಿಂದ 'ರಿಸ್ಕ್ ನ್ಯೂಟ್ರಲ್' ಅಂತಲೂ ಜೊತೆಗೆ ಬರೆಯುತ್ತೇನೆ.

ಇನ್ನೊಂದು ಉಳಿಯಿತು. ಮಂಜೇಶ್ವರದವರ ಉದಾಹರಣೆಯಲ್ಲಿ 30 ಪೈಸೆಯನ್ನು 20%ರಿಂದ ಭಾಗಿಸಿದರೆ 1.5 ಬರುತ್ತದೆ. ಉಳಿದ ಎರಡರಲ್ಲಿ ಸುಮಾರು 0.89, 0.71. ಆ ಸನ್ನಿವೇಶದಲ್ಲಿ ರೂಪಾಯಿ ಎಷ್ಟು ಬೇಕಾಗಿದೆ ಅನ್ನುವುದು ಈ ಅಂಕಿ. ಪುಸ್ತಕಗಳು ಇದನ್ನು 'ಸ್ಟೋಕಾಸ್ಟಿಕ್ ಡಿಸ್ಕೌಂಟ್ ಫ್ಯಾಕ್ಟರ್' ಅನ್ನುತ್ತವೆ. 'ರೂಪಾಯಿಯ ತೂಕ' ಅಂದರೆ ನಡೆಯುತ್ತದಾ? ಕುಂಬಳೆ ಅಣ್ಣ ಬಳಸಿದ ಮಾತೇ ಅದು. ಹೊಸೂರಿನ ಅಕ್ಕನಿಗೆ 'ತೂಕ' ಅಂದರೆ ಬೇರೆ ಅರ್ಥ ಬರುತ್ತದೋ ಏನೋ, ದಯವಿಟ್ಟು ತಿಳಿಸಿ.