ಸಂದರ್ಶನ: ಬಾಗಿಲಿಂದ ಕುರ್ಚಿಯವರೆಗೆ

ಪ್ರಶ್ನೆ: ಮುಂದಿನ ವಾರ ಇಂಟರ್‌ವ್ಯೂ ಇದೆ, ಮೂರು ಜನರ ಪ್ಯಾನೆಲ್ ಅಂತೆ. ಉತ್ತರಗಳನ್ನೆಲ್ಲ ಅಭ್ಯಾಸ ಮಾಡಿದ್ದೀನಿ, ಆದರೆ ಒಳಗೆ ಕಾಲಿಟ್ಟ ತಕ್ಷಣ ಏನು ಮಾಡಬೇಕು ಅನ್ನೋದೇ ತಲೆಬಿಸಿ. ಕೈ ಕೊಡೋದು, ನಿಲ್ಲೋದು, ಮೊದಲ ಮಾತು, ಇದರ ಬಗ್ಗೆ ಗೊತ್ತಿದ್ದವರು ಹೇಳಿ. ಅಂಗೈ ಬೇರೆ ಬೆವರುತ್ತೆ.

ಗಟ್ಟಿದನಿ: ಕೈ ಗಟ್ಟಿಯಾಗಿ ಹಿಡೀರಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕಣ್ಣು ತೆಗೀಬೇಡಿ. ಅಷ್ಟು ಮಾಡಿದ್ರೆ ಸಾಕು, ಆತ್ಮವಿಶ್ವಾಸ ಕಾಣುತ್ತೆ. ಮೂವರಿಗೂ ನೀವೇ ಮೊದಲು ಕೈ ಚಾಚಿ.

ನೇಮಕಾತಿ ವಿಭಾಗ: ಕಣ್ಣು ನೋಡಬೇಕು ಅನ್ನೋದು ಸರಿ. ಆದರೆ ಗಟ್ಟಿ ಅಂದ್ರೆ ಎಷ್ಟು ಅನ್ನೋದರಲ್ಲೇ ಎಲ್ಲರೂ ಎಡವೋದು. ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಅವರ ಸಂದಿಗೆ ತಾಗೋವರೆಗೂ ಕೈ ಒಳಗೆ ಹೋಗಬೇಕು. ಅದಕ್ಕೆ ಮೊದಲೇ ಬೆರಳು ಮುಚ್ಚಿದ್ರೆ ಅವರ ಬೆರಳ ತುದಿಗಳಷ್ಟೇ ಕೈಗೆ ಸಿಗುತ್ತವೆ. ಆಗ ಎಷ್ಟೇ ಬಲ ಹಾಕಿದರೂ ಹಿಡಿತ ಸಡಿಲ ಅನ್ನಿಸುತ್ತೆ, ಅವರ ಬೆರಳೂ ನೋಯುತ್ತೆ. ಸಂದಿಗೆ ಸಂದು ಸೇರಿದರೆ ಬಲ ಬೇಕಾಗೋದೇ ಇಲ್ಲ. ಅವರು ಒತ್ತಿದಷ್ಟೇ ನೀವೂ ಒತ್ತಿ, ಎರಡು ಸಲ ಮೆಲ್ಲಗೆ ಅಲುಗಿಸಿ, ಬಿಟ್ಟುಬಿಡಿ. ಅಂಗೈ ಮೇಲಕ್ಕೂ ಬೇಡ, ಕೆಳಕ್ಕೂ ಬೇಡ, ಹೆಬ್ಬೆರಳು ಮೇಲೆ ಬರೋ ಹಾಗೆ ನೇರವಾಗಿರಲಿ.

ಕೈ ಸೇರೋ ಕ್ಷಣದಲ್ಲಿ ಕೈಯನ್ನೇ ನೋಡಬೇಡಿ. ಬರ್ತಿರೋ ಕೈಯನ್ನು ಒಮ್ಮೆ ನೋಡಿಕೊಂಡು ಮುಖದ ಕಡೆ ತಿರುಗಿ. ಹಾಗಂತ ರೆಪ್ಪೆ ಮಿಟುಕಿಸದೆ ದಿಟ್ಟಿಸೋದೂ ಬೇಡ, ಎದುರಿನವರಿಗೆ ಇರಿಸುಮುರಿಸಾಗುತ್ತೆ.

ಇನ್ನು ಮೂವರ ಪ್ಯಾನೆಲ್. ಮೇಜು ಅಗಲವಾಗಿದ್ದು ಅವರು ಕೂತೇ ಇದ್ದರೆ, ಕಾಗದ, ನೀರಿನ ಲೋಟಗಳ ಮೇಲೆ ಬಗ್ಗಿ ಮೂರು ಸಲ ಕೈ ಚಾಚೋದು ಚೆನ್ನಾಗಿ ಕಾಣಲ್ಲ. ಬಾಗಿಲು ಹಾಕಿ, ಎರಡು ಹೆಜ್ಜೆ ಒಳಗೆ ಬಂದು, ಎರಡೂ ಪಾದ ಊರಿ ನಿಂತು, ಮೂವರ ಮುಖಾನೂ ಒಂದು ಸುತ್ತು ನೋಡಿ ಒಂದೇ ನಮಸ್ಕಾರ ಹೇಳಿ. ಯಾರಾದರೂ ಎದ್ದು ಕೈ ಚಾಚಿದರೆ ಅವರಿಗೆ ಕೊಡಿ, ಉಳಿದವರೂ ಚಾಚಿದರೆ ಅವರಿಗೂ.

ಬಾಗಿಲ ಬಳಿ: ಕೈ ಕೊಡೋದು ಹಾಳಾಗೋದು ಬಹಳ ಸಲ ಬ್ಯಾಗಿಂದ. ಫೈಲು ಬಲಗೈಯಲ್ಲಿ, ಬ್ಯಾಗು ಬಲಭುಜದಲ್ಲಿ; ಅವರು ಕೈ ಚಾಚಿದಾಗ ಫೈಲನ್ನು ಎಡಗೈಗೆ ದಾಟಿಸೋಕೆ ಹೋಗಿ ಬ್ಯಾಗು ಮೊಣಕೈಗೆ ಜಾರುತ್ತೆ. ಹೊರಗೆ ಕಾಯುವಾಗಲೇ ಎಲ್ಲವನ್ನೂ ಎಡಕ್ಕೆ ಹಾಕ್ಕೊಳ್ಳಿ. ತಣ್ಣೀರಿನ ಬಾಟಲಿನೂ ಎಡಗೈಯಲ್ಲೇ ಇರಲಿ, ಇಲ್ಲದಿದ್ರೆ ಬಲಗೈ ತಣ್ಣಗೆ, ಒದ್ದೆಯಾಗಿರುತ್ತೆ.

ಇನ್ನು ಬೆವರಿಗೆ, ಕರ್ಚೀಫು ಬಲಜೇಬಲ್ಲಿರಲಿ. ಹೆಸರು ಕರೆದ ಮೇಲೆ, ಏಳೋಕೆ ಮುಂಚೆ ಒರೆಸಿಕೊಳ್ಳಿ, ಆಮೇಲೆ ಮುಷ್ಟಿ ಕಟ್ಟಬೇಡಿ. ಮುಷ್ಟಿ ಕಟ್ಟಿದರೆ ಬೆವರು ಆರೋಕೆ ಗಾಳಿಯೇ ಆಡಲ್ಲ. ಅವರೆದುರು ಪ್ಯಾಂಟಿಗೆ ಒರೆಸಿಕೊಳ್ಳೋದಂತೂ ಬೇಡವೇ ಬೇಡ.

ಮನೆಯಿಂದಲೇ: ನನ್ನದು ಮಂಗಳವಾರ, ಲ್ಯಾಪ್‌ಟಾಪಲ್ಲಿ. ಹಾಗಾದ್ರೆ ಕೈ ಎತ್ತಿ ತೋರಿಸಬೇಕಾ?

ನೇಮಕಾತಿ ವಿಭಾಗ: ಬೇಡ, ತಲೆ ಸ್ವಲ್ಪ ಬಾಗಿಸಿದರೆ ಸಾಕು. ಅವರು ಮಾತು ಮುಗಿಸಿದ ಮೇಲೆ ಒಂದು ಕ್ಷಣ ಬಿಟ್ಟು ಶುರುಮಾಡಿ, ಇಲ್ಲದಿದ್ರೆ ದನಿ ತಡವಾಗಿ ತಲುಪಿ ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತೆ. ನಮಸ್ಕಾರ ಹೇಳುವಾಗ ನೋಟ ಕ್ಯಾಮೆರಾ ಕಡೆಗಿರಲಿ.

ದನಿ ತರಬೇತಿ: ಮೊದಲ ವಾಕ್ಯದ ಬಗ್ಗೆ ಯಾರೂ ಹೇಳಿಲ್ಲ. "ನಮಸ್ಕಾರ. ನಾನು" ಅಂತ ಹೆಸರು ಹೇಳಿ, "ಲೆಕ್ಕಪತ್ರ ವಿಭಾಗದ ಹುದ್ದೆಗೆ ಬಂದಿದ್ದೇನೆ. ಕರೆದಿದ್ದಕ್ಕೆ ಧನ್ಯವಾದ." ಇಷ್ಟೇ ಸಾಕು. ಊರು, ಓದು, ಅನುಭವ ಎಲ್ಲ ಅವರು ಕೇಳಿದ ಮೇಲೆ.

ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಒಳಬರುತ್ತೀವಿ, ಗಂಟಲು ಬಿಗಿಯುತ್ತೆ, "ನ" ಹೊರಗೇ ಬರದೆ "ಮಸ್ಕಾರ" ಕೇಳಿಸುತ್ತೆ. ಬಾಗಿಲ ಹಿಡಿ ಮುಟ್ಟೋಕೆ ಮುಂಚೆ ಉಸಿರನ್ನು ಪೂರ್ತಿ ಹೊರಗೆ ಬಿಡಿ. ಮುಂದಿನ ಉಸಿರು ತಾನಾಗೇ ಆಳವಾಗಿ ಬರುತ್ತೆ. ನಮಸ್ಕಾರ ಆದ ಮೇಲೆ ಒಂದು ಚಿಕ್ಕ ವಿರಾಮ, ಆಮೇಲೆ ಹೆಸರು. ಎರಡನ್ನೂ ಅಂಟಿಸಿ ಹೇಳಿದರೆ ಹೆಸರೇ ಕೇಳಿಸಲ್ಲ, ಅವರು ಮತ್ತೆ ಕೇಳಬೇಕಾಗುತ್ತೆ. ನಡೀತಾ ಮಾತಾಡಬೇಡಿ, ನಿಂತು ಹೇಳಿ. "ಕೂತ್ಕೊಳ್ಳಿ" ಅಂದ ಮೇಲೆ ಕುರ್ಚಿಯನ್ನು ಎಳೀದೆ ಸ್ವಲ್ಪ ಎತ್ತಿ ಸರಿಸಿ, ಬೆನ್ನು ಒರಗಿಗೆ ತಾಗೋ ಹಾಗೆ ಪೂರ್ತಿ ಕೂರಿ. ತುದಿಯಲ್ಲಿ ಕೂತರೆ ಸ್ವಲ್ಪ ಹೊತ್ತಿಗೇ ಬೆನ್ನು ಬಾಗುತ್ತೆ.

ಗಟ್ಟಿದನಿ: ಸರಿ, ಒತ್ತೋ ವಿಷಯದಲ್ಲಿ ನೀವು ಹೇಳಿದ್ದು ಒಪ್ಪಿದೆ. ಆದರೆ ಒಬ್ಬರೇ ಇದ್ದು, ಎದ್ದು ನಿಂತು ಬರಮಾಡಿಕೊಂಡರೆ? ಆಗಲೂ ಅವರ ಕೈಗೇ ಕಾಯೋದು ಹಿಂಜರಿಕೆ ಅನ್ನಿಸಲ್ವಾ?

ನೇಮಕಾತಿ ವಿಭಾಗ: ಎದ್ದು ಮೇಜಿನ ಈಚೆ ಬಂದರೆ ನೀವೇ ಚಾಚಿದರೂ ತಪ್ಪಿಲ್ಲ. ಆದರೂ ಕಾಯೋದೇ ಮೇಲು ಅಂತ ನನ್ನ ಅಭಿಪ್ರಾಯ. ಕೈ ಕೊಡೋದು ಇಷ್ಟವಿಲ್ಲದವರೂ ಇರ್ತಾರೆ, ಅವರನ್ನು ಮುಜುಗರಕ್ಕೆ ಸಿಕ್ಕಿಸಬಾರದು.

ದನಿ ತರಬೇತಿ: ಇದರಲ್ಲಿ ನಾನು ಗಟ್ಟಿದನಿಯವರ ಕಡೆ. ಇಬ್ಬರೂ ಕಾಯ್ತಾ ನಿಂತರೆ ಮೊದಲ ವಾಕ್ಯ ಎಲ್ಲಿ ಶುರುಮಾಡಬೇಕು ಅನ್ನೋದೇ ತಪ್ಪಿಹೋಗುತ್ತೆ.