ಜೋಮು ಹಿಡಿದ ಪಾದಕ್ಕೆ ಎಂಥ ಚಪ್ಪಲಿ? ಪಾದದ ಡಾಕ್ಟರ್ ಜೊತೆ ಪ್ರಶ್ನೋತ್ತರ

ಬಳ್ಳಾರಿಯ ಮಗಳು: ಮೇಡಂ, ಅಪ್ಪನಿಗೆ 67 ವರ್ಷ, ಶುಗರ್ ಬಂದು 16 ವರ್ಷ ಆಯ್ತು. ಸೋಮವಾರ ಮಧ್ಯಾಹ್ನ ಹಂಪಿಗೆ ಹೋಗಿದ್ವಿ. ವಿರೂಪಾಕ್ಷನ ಅಂಗಳದಲ್ಲಿ ನಾವೆಲ್ಲ ಕುಣಿದಾಡ್ತಿದ್ರೆ ಅಪ್ಪ ಮಾತ್ರ "ನನಗೇನೂ ಸುಡಲ್ಲ" ಅಂತ ನಿಧಾನಕ್ಕೆ ಸುತ್ತು ಹಾಕಿದ್ರು. ಇವತ್ತು ಬುಧವಾರ, ಬೆಡ್‌ಶೀಟ್ ಒದ್ದೆಯಾಗಿತ್ತು. ಪಾದ ತಿರುಗಿಸಿ ನೋಡಿದ್ರೆ ಬೊಬ್ಬೆ. ಹೊಸ ಚಪ್ಪಲಿ ಕಚ್ಚಿದೆ ಅಂತಾರೆ. ಯಾವ ಚಪ್ಪಲಿ ಕೊಡಿಸಲಿ?

ಡಾಕ್ಟರ್: ಚಪ್ಪಲಿ ಮಾತು ಆಮೇಲೆ. ಬೊಬ್ಬೆ ಎಲ್ಲೆಲ್ಲಿವೆ? ಒಂದೇ ಕಾಲಿಗೋ, ಎರಡಕ್ಕೂನೋ?

ಬಳ್ಳಾರಿಯ ಮಗಳು: ಎರಡಕ್ಕೂ. ಬೆರಳ ತುದಿ, ಬೆರಳ ಬುಡದ ದಪ್ಪ ಭಾಗ, ಹಿಮ್ಮಡಿ. ನಡುವಿನ ಗುಳಿಯಲ್ಲಿ ಏನೂ ಇಲ್ಲ.

ಡಾಕ್ಟರ್: ಇದು ಚಪ್ಪಲಿ ಕಚ್ಚಿದ್ದಲ್ಲಮ್ಮ, ಸುಟ್ಟಿದ್ದು. ಚಪ್ಪಲಿ ಕಚ್ಚಿದರೆ ಪಟ್ಟಿ ಉಜ್ಜುವ ಕಡೆ, ಬೆರಳ ಮೇಲ್ಗಡೆ ಅಥವಾ ಅಂಚಿಗೆ ಗಾಯ ಆಗುತ್ತೆ. ನೆಲಕ್ಕೆ ಒತ್ತಿದ ಜಾಗದಲ್ಲಷ್ಟೇ ಬೊಬ್ಬೆ ಎದ್ದು, ನೆಲ ಮುಟ್ಟದ ಗುಳಿ ಉಳಿದಿದೆ ಅಂದ್ರೆ ಅದು ಕಲ್ಲಿನ ಕಾವು. 44 ಡಿಗ್ರಿ ಕಾವಿಗೆ ಚರ್ಮ ಸುಡೋಕೆ ಗಂಟೆಗಟ್ಟಲೆ ಬೇಕು, 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ಬೇಸಿಗೆ ಮಧ್ಯಾಹ್ನದ ಕಲ್ಲುಹಾಸು 50 ದಾಟೋದು ಮಾಮೂಲು. ನೀವು ಕುಣಿದಿದ್ದರಿಂದಲೇ ನಿಮ್ಮ ಪಾದ ಉಳಿಯಿತು. ಶುಗರಿನಿಂದ ನರ ಸತ್ತಿರೋ ಅಪ್ಪನ ಕಾಲಿಗೆ ಆ ಸುದ್ದಿ ಮುಟ್ಟಲೇ ಇಲ್ಲ, ಅದಕ್ಕೇ ಅವರು ಪೂರ್ತಿ ಭಾರ ಬಿಟ್ಟು ನಿಧಾನಕ್ಕೆ ನಡೆದರು.

ಸುಟ್ಟ ಕೂಡಲೇ ಆಗಿದ್ದರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡೀರಿ ಅಂತಿದ್ದೆ. ಎರಡು ದಿನದ ಮೇಲೆ ಅದರಿಂದ ಲಾಭ ಇಲ್ಲ. ಬೊಬ್ಬೆ ಒಡೀಬೇಡಿ. ಒಡೆದದ್ದರ ಸಿಪ್ಪೆ ಕೀಳಬೇಡಿ. ಶುದ್ಧವಾದ ಗಾಜ್ ಬಟ್ಟೆ ಸಡಿಲವಾಗಿ ಸುತ್ತಿ ಇವತ್ತೇ ಸರ್ಜನ್ ಹತ್ತಿರ ಹೋಗಿ, ನಾಳೆ ಅಲ್ಲ. ಬೇರೆಯವರಿಗೆ ಸುಟ್ಟರೆ ನೋವು ಎಷ್ಟಿದೆ ಅಂತ ಕೇಳಿ ಗಾಯದ ಆಳ ಅಂದಾಜು ಮಾಡ್ತೀವಿ. ನಿಮ್ಮಪ್ಪನಲ್ಲಿ ಆ ದಾರಿ ಮುಚ್ಚಿದೆ. ಪಾದಕ್ಕೆ ರಕ್ತ ಚೆನ್ನಾಗಿ ಬರ್ತಿದೆಯಾ ಅಂತ ನಾಡಿ ನೋಡಬೇಕು, ಟಿಟಿ ಇಂಜೆಕ್ಷನ್ ವಿಚಾರ ಕೇಳಬೇಕು. ಕೆಂಪು ಸುತ್ತ ಹರಡಿದರೆ, ವಾಸನೆ ಬಂದರೆ, ಜ್ವರ ಬಂದರೆ ಅಥವಾ ಶುಗರ್ ಸುಮ್ಮಸುಮ್ಮನೆ ಏರಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಹಾಸನದ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ. ಎಕ್ಕದ ಎಲೆ ಅಂಗಾಲಿಗೆ ಇಟ್ಟು ಸಾಕ್ಸ್ ಹಾಕಿ ದಿನವಿಡೀ ಓಡಾಡಿದರೆ ಶುಗರೂ ಇಳಿಯುತ್ತೆ, ಜೋಮೂ ಹೋಗುತ್ತೆ.

ಡಾಕ್ಟರ್: ಎಕ್ಕದ ಹಾಲು ಚರ್ಮ ಸುಡುತ್ತೆ. ಸ್ಪರ್ಶ ಇಲ್ಲದ ಕಾಲಿಗೆ ಅದನ್ನ ಕಟ್ಟಿ ಸಾಕ್ಸ್ ಹಾಕಿದರೆ ಸಂಜೆ ಬಿಚ್ಚುವವರೆಗೂ ಗೊತ್ತಾಗಲ್ಲ. ಕಟ್ಟಬೇಡಿ.

ಮೈಸೂರಿನಿಂದ: ಮೇಡಂ, ಅಮ್ಮ 6ನೇ ನಂಬರ್ ಶೂ ಬೇಕು ಅಂತಾರೆ, 7 ಹಾಕಿದರೆ "ಕಾಲಲ್ಲಿ ನಿಲ್ಲಲ್ಲ" ಅಂತಾರೆ. ಆದ್ರೆ ಸಂಜೆ ಕಿರುಬೆರಳು ಕೆಂಪಾಗಿರುತ್ತೆ.

ಡಾಕ್ಟರ್: ಒಳ್ಳೆ ಪ್ರಶ್ನೆ, ಅಂಗಡಿಯಲ್ಲಿ ಎಲ್ಲರೂ ಎಡವೋದು ಇಲ್ಲೇ. ಸ್ಪರ್ಶ ಕಡಿಮೆಯಾದವರಿಗೆ ಸರಿಯಾದ ಅಳತೆ ಸಡಿಲ ಅನ್ನಿಸುತ್ತೆ. ಬಿಗಿಯಾಗಿ ಒತ್ತಿದಾಗ ಮಾತ್ರ "ಹಾಂ, ಶೂ ಇದೆ" ಅಂತ ಕಾಲಿಗೆ ತಿಳಿಯುತ್ತೆ. ಹಾಗಾಗಿ ಅಮ್ಮನ ಮಾತು ಕೇಳಬೇಡಿ, ಕಾಗದದ ಮಾತು ಕೇಳಿ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದು ಕತ್ತರಿಸಿ. ಅದನ್ನು ಅಂಗಡಿಗೆ ಒಯ್ದು ಶೂ ಒಳಗೆ ಹಾಕಿ. ಅಂಚು ಎಲ್ಲೂ ಮಡಚಬಾರದು, ಉದ್ದನೆ ಬೆರಳಿನ ಮುಂದೆ ಕೈಯ ಹೆಬ್ಬೆರಳಿನಷ್ಟು ಅಗಲ ಜಾಗ ಉಳಿಯಬೇಕು. ಮೊದಲ ದಿನ ಮನೆಯಲ್ಲೇ ಒಂದು ಗಂಟೆ ಹಾಕಿ, ಬಿಚ್ಚಿ ನೋಡಿ. ಕೆಂಪು 20 ನಿಮಿಷವಾದರೂ ಮಾಸದಿದ್ದರೆ ಆ ಶೂ ವಾಪಸ್.

ದಾವಣಗೆರೆಯ ಚಪ್ಪಲಿ ಅಂಗಡಿಯವರು: 30 ವರ್ಷದ ಅನುಭವದಲ್ಲಿ ಹೇಳ್ತೀನಿ. ಶುಗರ್‌ನವರಿಗೆ ಎರಡು ನಂಬರ್ ದೊಡ್ಡದು, ಒಳಗೆ ಮೆತ್ತನೆ ಸ್ಪಂಜು. ಎಷ್ಟು ಮೆತ್ತಗೆ ಅಷ್ಟು ಒಳ್ಳೇದು.

ಡಾಕ್ಟರ್: ಒಳಗೆ ಜಾಗ ಬೇಕು ಅನ್ನೋದು ಸರಿ. ಎರಡು ನಂಬರ್ ದೊಡ್ಡದಾದರೆ ಕಾಲು ಒಳಗೆ ಜಾರಿ ಉಜ್ಜುತ್ತೆ. ಸ್ಪಂಜು ಬಹಳ ಬೇಗ ಚಪ್ಪಟೆಯಾಗಿ ನೆಲದಂತಾಗುತ್ತೆ.

ನಿವೃತ್ತ ಕುಷ್ಠರೋಗ ಕಾರ್ಯಕರ್ತ, ಕಲಬುರಗಿ: ಮೇಡಂ ಹೇಳಿದ್ದು ನಿಜ. ನಾವು ಕುಷ್ಠದವರಿಗೆ ಕೊಡ್ತಿದ್ದದ್ದು ಎಂಸಿಆರ್, ಅಂದ್ರೆ ಮೈಕ್ರೋಸೆಲ್ಯುಲರ್ ರಬ್ಬರ್ ಚಪ್ಪಲಿ. ಒಳ ಅಟ್ಟೆ ಮೆತ್ತನೆ ರಬ್ಬರು, ಹೆಬ್ಬೆರಳಿಂದ ಒತ್ತಿ ಬಿಟ್ಟರೆ ಕೂಡಲೇ ಮೇಲೇಳುತ್ತೆ. ಕೆಳ ಅಟ್ಟೆ ಗಟ್ಟಿ, ಮುಳ್ಳು ಒಳಗೆ ಬರಬಾರದು ಅಂತ. ಹಿಂದೆ ಪಟ್ಟಿ ಇರಬೇಕು. ಇಲ್ಲದಿದ್ರೆ ಬೆರಳಲ್ಲಿ ಹಿಡಿದು ನಡೀತಾರೆ, ಅಥವಾ ಚಪ್ಪಲಿ ದಾರಿಯಲ್ಲೇ ಬಿದ್ದುಹೋದರೂ ಗೊತ್ತಾಗಲ್ಲ. ಮೊಳೆ ಹೊಡೆದದ್ದು ಬೇಡವೇ ಬೇಡ, ಅಂಟು ಮತ್ತು ಹೊಲಿಗೆ ಮಾತ್ರ.

ಹಾಸನದ ಸದಸ್ಯ: ಶುಗರ್‌ನವರಿಗೆ ಕುಷ್ಠದವರ ಚಪ್ಪಲಿ ಹಾಕಿಸ್ತೀರಾ? ಮರ್ಯಾದೆ ಬೇಡವಾ?

ಕಲಬುರಗಿ: ಎರಡೂ ಕಾಯಿಲೆಯಲ್ಲಿ ಸಾಯೋದು ಅದೇ ನರ. ಮರ್ಯಾದೆ ನೋಡ್ಕೊಂಡು ಹವಾಯಿ ಹಾಕಿದವರ ಬೆರಳು ನಾನು ಎಷ್ಟು ಕಳೆದದ್ದು ನೋಡಿದೀನಿ ಗೊತ್ತಾ?

ಹಾಸನದ ಸದಸ್ಯ: ನಿಮ್ಮ ಅನುಭವ ನಿಮ್ಮ ಹತ್ರ ಇರಲಿ. ನಮ್ಮಜ್ಜ 90 ವರ್ಷ ಬರಿಗಾಲಲ್ಲೇ ನಡೆದರು.

ಮೈಸೂರಿನಿಂದ: ನಿಮ್ಮಜ್ಜನಿಗೆ ಶುಗರ್ ಇತ್ತಾ ಅದನ್ನ ಹೇಳಿ ಮೊದಲು.

ಉಡುಪಿಯಿಂದ: ದೇವಸ್ಥಾನಕ್ಕೆ ಸಾಕ್ಸ್ ಹಾಕ್ಕೊಂಡು ಹೋಗಬಹುದಾ ಮೇಡಂ?

ಡಾಕ್ಟರ್: ಬಹಳ ಕಡೆ ಬಿಡ್ತಾರೆ, ಕೇಳಿಕೊಳ್ಳಿ. ಆದ್ರೆ ಸಾಕ್ಸ್ ಕಾವನ್ನು ಸ್ವಲ್ಪ ಹೊತ್ತು ತಡೆಯುತ್ತೆ ಅಷ್ಟೆ, ಸರದಿಯಲ್ಲಿ ನಿಂತವರನ್ನು ಕಾಯಲ್ಲ. ಬಿಸಿಲೇರುವ ಮುಂಚೆ ಹೋಗಿ. ಇಲ್ಲವಾದರೆ ನೆರಳು ಮತ್ತು ತೆಂಗಿನ ನಾರಿನ ಚಾಪೆ ಬಿಟ್ಟು ಕದಲಬೇಡಿ. ಜೊತೆಗಿದ್ದವರು ಮೊದಲು ತಮ್ಮ ಅಂಗೈ ನೆಲಕ್ಕಿಟ್ಟು ನೋಡಲಿ.

ಹಾಸನದ ಸದಸ್ಯ: ದೇವರ ಮುಂದೆ ಸಾಕ್ಸಾ!

ಉಡುಪಿಯಿಂದ: ನೀವು ಸ್ವಲ್ಪ ಸುಮ್ಮನಿರ್ತೀರಾ? ಕೇಳಿದ್ದು ಡಾಕ್ಟರನ್ನ.

ತುಮಕೂರಿನಿಂದ: ಸಾಕ್ಸ್ ಯಾವ ಬಣ್ಣ?

ಡಾಕ್ಟರ್: ಬಿಳಿ. ರಕ್ತ, ಕೀವು ಬಂದರೆ ಕಾಣಬೇಕು. ಬೆರಳ ಹತ್ತಿರ ದಪ್ಪ ಹೊಲಿಗೆ ಇದ್ದರೆ ಒಳಗಿನದು ಹೊರಗೆ ಮಾಡಿ ಹಾಕಿ. ಪಿಂಡಿಗೆ ಗುರುತು ಬೀಳುವ ಎಲಾಸ್ಟಿಕ್ ಬೇಡ, ತೇಪೆ ಹಾಕಿದ್ದು ಬೇಡ.

ಶಿವಮೊಗ್ಗದಿಂದ: ಗುಬ್ಬಿ ಗುಬ್ಬಿ ಇರೋ ಅಕ್ಯುಪ್ರೆಶರ್ ಚಪ್ಪಲಿ ಜೋಮಿಗೆ ಒಳ್ಳೇದಂತೆ?

ಡಾಕ್ಟರ್: ಬೇಡ.

ಬೀದರಿನಿಂದ: ರಾತ್ರಿ ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಟ್ಟರೆ ಜೋಮು ಇಳಿಯುತ್ತೆ ಅಂತ ವಿಡಿಯೋ ಇದೆ, ಹಾಕ್ಲಾ?

ಡಾಕ್ಟರ್: ಹಾಕಬೇಡಿ. ಹೋದ ತಿಂಗಳು ಹೀಗೇ ಬಚ್ಚಲಲ್ಲಿ ಕಾಲಿಟ್ಟು ಕೂತ ಒಬ್ಬರ ಎರಡು ಬೆರಳು ತೆಗೆದಿದ್ದೇನೆ. ನೀರಿನ ಬಿಸಿ ಅಳೆದದ್ದು ಸ್ಪರ್ಶ ಇಲ್ಲದ ಅದೇ ಕಾಲಿನಿಂದ. ಮೊಣಕೈ ಅದ್ದಿ ನೋಡಿದ್ದರೂ ಸಾಕಿತ್ತು. ದಯವಿಟ್ಟು ಇನ್ನೊಂದು ವಿಡಿಯೋ ಹಾಕಬೇಡಿ.

ಶಿವಮೊಗ್ಗದಿಂದ: ಬೇಡ ಅಂದ್ರೆ ಯಾಕೆ ಬೇಡ ಅಂತ ಹೇಳಬೇಕಲ್ವಾ? ಒಂದು ಪದದ ಉತ್ತರ ಯಾರಿಗೆ ಬೇಕು?

ಕಲಬುರಗಿ: ಆ ಗುಬ್ಬಿಯೇ ಅಂಗಾಲಿಗೆ ಕಲ್ಲು ರೀ. ನಿಮಗೆ ಚುಚ್ಚಿದರೆ ತೆಗೀತೀರಿ, ಅವರಿಗೆ ಚುಚ್ಚೋದೇ ತಿಳಿಯಲ್ಲ.

ತುಮಕೂರಿನಿಂದ: ಎಂಸಿಆರ್ ಬೆಲೆ ಎಷ್ಟು? ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ?

ದಾವಣಗೆರೆಯ ಚಪ್ಪಲಿ ಅಂಗಡಿಯವರು: ನನಗೆ ಪರ್ಸನಲ್ ಮೆಸೇಜ್ ಮಾಡಿ.

ಕಲಬುರಗಿ: ಇದೇ ನೋಡಿ, ವ್ಯಾಪಾರ ಶುರು.

ಬಳ್ಳಾರಿಯ ಮಗಳು: ಮೇಡಂ, ಗಾಡಿ ಬಂತು, ಆಸ್ಪತ್ರೆಗೆ ಹೊರಟಿದೀವಿ. "ನೋವಿಲ್ಲ, ಗೇಟಿನ ತನಕ ನಡ್ಕೊಂಡೇ ಬರ್ತೀನಿ" ಅಂತಿದಾರೆ ಅಪ್ಪ. ನಡೀಬಹುದಾ?

ಡಾಕ್ಟರ್: ಒಂದು ಹೆಜ್ಜೆಯೂ ಬೇಡ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ಕೊಂಡು ಹೋಗಿ. ಕಾಲು ಸೀಟಿನ ಮೇಲೆ ಚಾಚಿರಲಿ, ಗಾಡಿಯ ಬಿಸಿ ತಗಡಿಗೆ ತಾಗದಂತೆ ನೋಡಿಕೊಳ್ಳಿ. ಅಲ್ಲಿ ಏನಂದ್ರು ಅಂತ ಬರೀರಿ.