ಒಮ್ಮೆ ಬಳಸಿದ ಪಾಯಿಂಟ್ ಮತ್ತೆ ಎಕ್ಸ್‌ಪೈರ್ ಆಗಲು ಹೇಗೆ ಸಾಧ್ಯ?

ಶೈಲಜಾ, ದಾವಣಗೆರೆ: ನನ್ನ ಕ್ರೆಡಿಟ್ ಕಾರ್ಡ್ ತೆಗೆದುಕೊಂಡಿದ್ದು 2021ರ ಏಪ್ರಿಲ್‌ನಲ್ಲಿ. ಪ್ರತಿ ಕಾರ್ಡ್ ವರ್ಷದ ಪಾಯಿಂಟ್ ಆ ವರ್ಷ ಮುಗಿದ ಮೇಲೆ 3 ವರ್ಷ ಇರುತ್ತದೆ ಎಂಬುದು ನಿಯಮ. 2025ರ ಏಪ್ರಿಲ್ ಸ್ಟೇಟ್‌ಮೆಂಟ್‌ನಲ್ಲಿ 28,500 ಇದ್ದ ಪಾಯಿಂಟ್ 18,900ಕ್ಕೆ ಇಳಿದಿದೆ. 'ಎಕ್ಸ್‌ಪೈರ್ಡ್ 9,600' ಅಂತ ಇದೆ. ಆ ತಿಂಗಳು ಕಾರ್ಡ್ ಬಳಸಿಯೇ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 'ಸಿಸ್ಟಮ್ ಪ್ರಕಾರ ಸರಿ ಇದೆ ಮೇಡಂ' ಅಂತ ಇಟ್ಟುಬಿಟ್ಟರು. 2023ರ ನವೆಂಬರ್‌ನಲ್ಲಿ 7,000 ಪಾಯಿಂಟ್ ಕೊಟ್ಟು ವೋಚರ್ ತೆಗೆದುಕೊಂಡಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ವಾಪಸ್ ಕೇಳಬಹುದಾ?

ನಾಗರಾಜ್: ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಪಾಯಿಂಟ್ ಅನ್ನೋದು ಬ್ಯಾಂಕ್ ಕೊಡುವ ಉಡುಗೊರೆ. ಯಾವಾಗ ಬೇಕಾದರೂ ನಿಯಮ ಬದಲಿಸುವ ಹಕ್ಕು ಅವರಿಗಿದೆ ಅಂತ ಷರತ್ತಿನಲ್ಲೇ ಬರೆದಿರುತ್ತಾರೆ. ಆರ್‌ಬಿಐ ಕೂಡ ಇದರಲ್ಲಿ ತಲೆ ಹಾಕಲ್ಲ.

ಮೂರ್ತಿ (ಬ್ಯಾಂಕಿನ ಕಾರ್ಡ್ ವಿಭಾಗದಿಂದ ನಿವೃತ್ತ): ಶೈಲಜಾ ಅವರೇ, ಸಂಬಂಧ ಇದೆ. ಎಲ್ಲ ಇರುವುದೇ ಅಲ್ಲಿ. ಉತ್ತರ ಹೇಳುವ ಮೊದಲು ಎರಡು ವಿಷಯ ನೋಡಿ ತಿಳಿಸಿ. ಒಂದು, 2021ರ ಏಪ್ರಿಲ್‌ನಿಂದ 2022ರ ಮಾರ್ಚ್ ತನಕದ ಸ್ಟೇಟ್‌ಮೆಂಟ್ ತೆಗೆದು, ಆ ಒಂದು ವರ್ಷದಲ್ಲಿ ಗಳಿಸಿದ ಪಾಯಿಂಟ್ ಎಷ್ಟು ಅಂತ ಕೂಡಿಸಿ. ಆ್ಯಪ್ ನೋಡಿ ಪ್ರಯೋಜನವಿಲ್ಲ, ಅದರಲ್ಲಿ ಇವತ್ತಿನ ಬಾಕಿ ಮಾತ್ರ ಕಾಣುತ್ತದೆ. ಸ್ಟೇಟ್‌ಮೆಂಟ್‌ನಲ್ಲಿ ಗಳಿಸಿದ್ದು, ಬಳಸಿದ್ದು, ಅವಧಿ ಮುಗಿದದ್ದು ಬೇರೆ ಬೇರೆ ಕಾಲಮ್‌ನಲ್ಲಿ ಇರುತ್ತದೆ. ಎರಡು, ರಿವಾರ್ಡ್ ಷರತ್ತುಗಳಲ್ಲಿ 'ಮೊದಲು ಗಳಿಸಿದ ಪಾಯಿಂಟ್ ಮೊದಲು ಬಳಕೆಯಾಗುತ್ತದೆ' ಎಂಬ ಅರ್ಥದ ಸಾಲು ಇದೆಯಾ ಹುಡುಕಿ.

ಶೈಲಜಾ: ಸರ್, ಕೂಡಿಸಿದೆ. 2021-22ರಲ್ಲಿ 9,600. ಮುಂದಿನ ವರ್ಷಗಳಲ್ಲಿ 8,400, 10,200, 7,300. ಕಾರ್ಡ್ ಬಂದಾಗ ಕಳಿಸಿದ್ದ ಮೇಲ್‌ನಲ್ಲಿ ಷರತ್ತಿನ ಪಿಡಿಎಫ್ ಸಿಕ್ಕಿತು. ನೀವು ಹೇಳಿದ ಸಾಲು ಇದೆ. ಹಳೆಯ ಪಾಯಿಂಟ್‌ನಿಂದಲೇ ಮೊದಲು ಕಡಿತ ಅಂತ ಬರೆದಿದ್ದಾರೆ.

ಮೂರ್ತಿ: ಹಾಗಿದ್ದರೆ ತಪ್ಪು ಬ್ಯಾಂಕಿನದ್ದು. ಹೇಗೆ ಅಂತ ಹೇಳುತ್ತೇನೆ.

ನೀವು ಗಳಿಸಿದ್ದು ಒಟ್ಟು 35,500. ಅದರಲ್ಲಿ 7,000 ಬಳಸಿದಿರಿ, ಉಳಿದದ್ದು 28,500. ಇಲ್ಲಿಯತನಕ ಸ್ಟೇಟ್‌ಮೆಂಟ್ ಸರಿಯಾಗಿಯೇ ಇದೆ. ಆದರೆ ವೋಚರ್ ತೆಗೆದುಕೊಂಡಾಗ ಹೋದ 7,000 ಅವರದೇ ನಿಯಮದಂತೆ 2021-22ರ 9,600ರಿಂದ ಹೋಗಬೇಕಿತ್ತು. ಆಗ ಆ ವರ್ಷದ ಪಾಯಿಂಟ್ ಉಳಿಯುವುದು 2,600 ಮಾತ್ರ. 2025ರ ಮಾರ್ಚ್ 31ಕ್ಕೆ ಅವಧಿ ಮುಗಿಯಬೇಕಾದದ್ದೂ ಅಷ್ಟೇ. ಅಂದರೆ ನಿಮ್ಮ ಬಾಕಿ 25,900 ಇರಬೇಕು, 18,900 ಅಲ್ಲ.

ಗಮನಿಸಿ, ಅವರು ತೆಗೆದ ಸಂಖ್ಯೆ ಆ ವರ್ಷ ನೀವು ಗಳಿಸಿದ ಪೂರ್ತಿ ಸಂಖ್ಯೆಗೆ ಒಂದಂಕಿಯೂ ತಪ್ಪದೆ ಸರಿಹೊಂದುತ್ತದೆ. ಇದೇ ದೊಡ್ಡ ಸುಳಿವು. ನೀವು ಬಳಸಿದ್ದು ಆ ವರ್ಷದ ಲೆಕ್ಕದಲ್ಲಿ ಇಳಿದೇ ಇಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಒಂದು ಪ್ರಶ್ನೆ: ನಡುವೆ ಕಾರ್ಡ್ ಕಳೆದು ಹೊಸ ನಂಬರ್ ಏನಾದರೂ ಬಂದಿತ್ತಾ?

ನಾಗರಾಜ್ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ನಿಜ. ನಾಳೆಯಿಂದ ಪಾಯಿಂಟ್ ಅರ್ಧ ಮಾಡುತ್ತೇವೆ, ಈ ಕಾರ್ಡಿಗೆ ಲೌಂಜ್ ಕೊಡುವುದಿಲ್ಲ ಅಂತ ಬ್ಯಾಂಕ್ ನಿರ್ಧರಿಸಿದರೆ ಅದು ಅವರ ವ್ಯಾಪಾರದ ತೀರ್ಮಾನ. ಬ್ಯಾಂಕ್ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್ ಅಂಥ ದೂರನ್ನು ತೆಗೆದುಕೊಳ್ಳುವುದಿಲ್ಲ. ಇಲ್ಲಿ ನಿಯಮ ಬದಲಾಗಿಲ್ಲ. ಇರುವ ನಿಯಮವನ್ನೇ ಅವರು ಪಾಲಿಸಿಲ್ಲ. ಇದು ಸೇವೆಯಲ್ಲಿನ ಲೋಪ, ಇದನ್ನು ಕೇಳಬಹುದು. ದೂರು ಬರೆಯುವಾಗ ಈ ವ್ಯತ್ಯಾಸವೇ ಮೊದಲ ಸಾಲಿನಲ್ಲಿ ಕಾಣಬೇಕು. 'ನಿಮ್ಮ ರಿವಾರ್ಡ್ ಸ್ಕೀಮ್ ಅನ್ಯಾಯ' ಅಂತ ಶುರು ಮಾಡಿದರೆ ದೂರು ಅಲ್ಲೇ ಬಿದ್ದುಹೋಗುತ್ತದೆ.

ಶೈಲಜಾ: ಹೌದು ಸರ್! 2023ರಲ್ಲಿ ಕಾರ್ಡ್ ಕಳೆದಿತ್ತು, ಹೊಸ ನಂಬರ್ ಕೊಟ್ಟರು. ವೋಚರ್ ತೆಗೆದುಕೊಂಡಿದ್ದು ಅದಾದ ಮೇಲೆ.

ಮೂರ್ತಿ: ಬಹುಶಃ ಅದೇ ಕಾರಣ. ಹಳೆಯ ನಂಬರಿನ ಪಾಯಿಂಟ್ ಹೊಸ ನಂಬರಿಗೆ ಬರುವಾಗ ವರ್ಷವಾರು ಲೆಕ್ಕ ಒಂದು ಕಡೆ, ಬಳಕೆಯ ಲೆಕ್ಕ ಇನ್ನೊಂದು ಕಡೆ ಉಳಿದುಬಿಡುತ್ತದೆ. ಆದರೆ ಇದು ನನ್ನ ಊಹೆ. ದೂರಿನಲ್ಲಿ ಕಾರಣ ಬರೆಯಲು ಹೋಗಬೇಡಿ. ನಂಬರ್ ಬದಲಾದ ಸಂಗತಿ ತಿಳಿಸಿ ಸಾಕು, ಎಲ್ಲಿ ತಪ್ಪಾಯಿತು ಅಂತ ಹುಡುಕುವುದು ಅವರ ಕೆಲಸ.

ಪ್ರವೀಣ್: ನನ್ನದೂ ಇದೇ ಕಥೆ ಸರ್. 'ದಿನಸಿ ಖರೀದಿಗೆ 5 ಪಟ್ಟು ಪಾಯಿಂಟ್' ಅಂತ ಜಾಹೀರಾತು ಕೊಟ್ಟರು. ಮಾಲ್‌ನಲ್ಲಿ ತಿಂಗಳ ರೇಷನ್ ಎಲ್ಲ ತೆಗೆದುಕೊಂಡೆ. ಬಿಲ್‌ನಲ್ಲಿ ಅಕ್ಕಿ, ಬೇಳೆ, ಎಣ್ಣೆ ಬಿಟ್ಟರೆ ಬೇರೆ ಏನೂ ಇಲ್ಲ. ಬಂದಿದ್ದು ಮಾಮೂಲಿ ಪಾಯಿಂಟ್. ನಾನೂ ಇದೇ ರೀತಿ ದೂರು ಕೊಡಲಾ?

ಮೂರ್ತಿ: ಪ್ರವೀಣ್, ನಿಮ್ಮದು ಬೇರೆ. ನೀವು ಏನು ಕೊಂಡಿರಿ ಅನ್ನುವುದು ಬ್ಯಾಂಕಿಗೆ ಕಾಣುವುದಿಲ್ಲ. ಅಂಗಡಿಯ ಸ್ವೈಪ್ ಮಷೀನಿಗೆ ಕೊಟ್ಟ ನಾಲ್ಕಂಕಿಯ ಎಂಸಿಸಿ ಕೋಡ್ ಮಾತ್ರ ಕಾಣುತ್ತದೆ. ದಿನಸಿ ಅಂಗಡಿ, ಸೂಪರ್ ಮಾರ್ಕೆಟ್‌ಗೆ 5411. ಬಟ್ಟೆ, ಪಾತ್ರೆ, ದಿನಸಿ ಎಲ್ಲ ಒಂದೇ ಕಡೆ ಮಾರುವ ದೊಡ್ಡ ಮಳಿಗೆಗೆ 5311 ಇರಬಹುದು. ಅದೇ ಅಕ್ಕಿಯನ್ನು ಅಲ್ಲಿ ಕೊಂಡರೆ ಕಂಪ್ಯೂಟರ್ ಅದನ್ನು ದಿನಸಿ ಅಂತ ಎಣಿಸುವುದಿಲ್ಲ. ನಿಮ್ಮ ಪಾವತಿ ಯಾವ ಕೋಡ್‌ನಲ್ಲಿ ದಾಖಲಾಗಿದೆ ಅಂತ ಮೇಲ್ ಮಾಡಿ ಕೇಳಿ. 5411 ಅಂತ ಬಂದರೆ ಪಾಯಿಂಟ್ ಕೊಡಲೇಬೇಕು. ಬೇರೆ ಬಂದರೆ ಆಫರ್‌ನ ಷರತ್ತು ನೋಡಬೇಕು.

ಪ್ರವೀಣ್: ಜಾಹೀರಾತಿನಲ್ಲಿ ಕೋಡ್ ಬಗ್ಗೆ ಒಂದಕ್ಷರವೂ ಇರಲಿಲ್ಲ. ಸ್ಕ್ರೀನ್‌ಶಾಟ್ ಇದೆ. ಅದರ ಕೆಳಗೆ 'ಷರತ್ತು ಅನ್ವಯ' ಅಂತ ಸಣ್ಣಕ್ಷರದಲ್ಲಿತ್ತು, ಅದನ್ನು ಒತ್ತಿ ನೋಡಿಲ್ಲ.

ಮೂರ್ತಿ: ಒತ್ತಿದರೆ ತೆರೆಯುತ್ತಿದ್ದ ಪುಟದಲ್ಲಿ ಕೋಡ್‌ನ ವಿಷಯ ಇದ್ದರೆ ಬ್ಯಾಂಕ್ ಅದನ್ನೇ ಹಿಡಿದುಕೊಳ್ಳುತ್ತದೆ. ಅಲ್ಲೂ ಇಲ್ಲದಿದ್ದರೆ ನಿಮ್ಮ ಕೈ ಮೇಲು.

ರೂಪಾ: ಇದ್ದರೂ ಬಿಡಬಾರದು ಸರ್. ದೊಡ್ಡಕ್ಷರದಲ್ಲಿ ಒಂದು ಹೇಳಿ, ಸಣ್ಣಕ್ಷರದಲ್ಲಿ ಅದನ್ನೇ ವಾಪಸ್ ತೆಗೆದುಕೊಂಡರೆ ದಾರಿ ತಪ್ಪಿಸುವ ಜಾಹೀರಾತು ಅಲ್ವಾ? 2019ರ ಗ್ರಾಹಕ ರಕ್ಷಣಾ ಕಾಯ್ದೆ ಇರುವುದೇ ಇಂಥದ್ದಕ್ಕೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಮೂರ್ತಿ: ಹೋಗಬಹುದು ರೂಪಾ ಅವರೇ. ಆದರೆ ದಿನಸಿ ಅಂದರೆ ಜನ ಅರ್ಥ ಮಾಡಿಕೊಳ್ಳುವ ದಿನಸಿಯೋ, ಕೋಡ್ ಹೇಳುವ ದಿನಸಿಯೋ ಅನ್ನುವುದು ವಾದದ ವಿಷಯ. ಯಾವ ಕಡೆಗೆ ತೀರ್ಪು ಬರುತ್ತದೆ ಅಂತ ನಾನು ಹೇಳಲಾರೆ. ಶೈಲಜಾ ಅವರದ್ದು ಹಾಗಲ್ಲ, ಬರೀ ಕೂಡಿ ಕಳೆಯುವ ಲೆಕ್ಕ.

ನಾಗರಾಜ್: ಹಾಗಾದರೆ ವಾಪಸ್ ಕೊಡುವ ತನಕ ಬಿಲ್ ಕಟ್ಟುವುದು ನಿಲ್ಲಿಸಲಿ. ಎಕ್ಸ್‌ನಲ್ಲಿ ಬ್ಯಾಂಕನ್ನು ಟ್ಯಾಗ್ ಮಾಡಿ ಒಂದು ಪೋಸ್ಟ್ ಹಾಕಲಿ. ಓಡಿ ಬರುತ್ತಾರೆ.

ಮೂರ್ತಿ: ದಯವಿಟ್ಟು ಎರಡೂ ಬೇಡ. ಬಿಲ್ ನಿಲ್ಲಿಸಿದರೆ ಲೇಟ್ ಫೀ, ಬಡ್ಡಿ ಬೀಳುತ್ತದೆ, ಸಿಬಿಲ್ ಸ್ಕೋರ್ ಕೆಡುತ್ತದೆ. ಪಾಯಿಂಟ್‌ಗೂ ಸಾಲಕ್ಕೂ ಗಂಟು ಹಾಕಬಾರದು. ಪೋಸ್ಟ್ ಹಾಕಿದರೆ ಬ್ಯಾಂಕಿಗಿಂತ ಮೊದಲು ನಕಲಿ ಕಸ್ಟಮರ್ ಕೇರ್‌ನವರು ಓಡಿ ಬರುತ್ತಾರೆ. 'ನಿಮ್ಮ ಪಾಯಿಂಟ್ ವಾಪಸ್ ಹಾಕುತ್ತೇವೆ, ಈ ಲಿಂಕ್ ಒತ್ತಿ, ಓಟಿಪಿ ಹೇಳಿ' ಅಂತ ಕೇಳಿ ಖಾತೆಯನ್ನೇ ಖಾಲಿ ಮಾಡುತ್ತಾರೆ. ಪಾಯಿಂಟ್ ಜಮಾ ಮಾಡಲು ಯಾವ ಬ್ಯಾಂಕಿಗೂ ನಿಮ್ಮ ಓಟಿಪಿ ಬೇಕಿಲ್ಲ.

ಶೈಲಜಾ ಅವರೇ, ಬ್ಯಾಂಕಿನ ವೆಬ್‌ಸೈಟ್‌ನಲ್ಲಿರುವ ದೂರು ವಿಭಾಗದ ಮೇಲ್‌ಗೇ ಬರೆಯಿರಿ. ಫೋನ್ ಸಂಭಾಷಣೆ, ಚಾಟ್‌ಬಾಟ್ ಮುಂದೆ ಕೈಕೊಡಬಹುದು. ಓಂಬುಡ್ಸ್‌ಮನ್ ಮೊದಲು ಕೇಳುವುದೇ 'ಬ್ಯಾಂಕಿಗೆ ಬರಹದಲ್ಲಿ ಕೊಟ್ಟಿದ್ದೀರಾ' ಅಂತ. ಹೀಗೆ ಬರೆದರೆ ಸಾಕು:

> 'ಇದು ರಿವಾರ್ಡ್ ನಿಯಮದ ಬಗ್ಗೆ ಆಕ್ಷೇಪವಲ್ಲ. ನಿಮ್ಮದೇ ನಿಯಮದಂತೆ ಲೆಕ್ಕ ಹಾಕಿಲ್ಲ ಎಂಬ ದೂರು. 2021-22ರಲ್ಲಿ ನಾನು ಗಳಿಸಿದ್ದು 9,600 ಪಾಯಿಂಟ್. 2023ರ ನವೆಂಬರ್‌ನಲ್ಲಿ 7,000 ಬಳಸಿದ್ದೇನೆ. ಹಳೆಯ ಪಾಯಿಂಟ್ ಮೊದಲು ಕಡಿತವಾಗಬೇಕೆಂಬ ಷರತ್ತಿನಂತೆ 31-3-2025ಕ್ಕೆ ಅವಧಿ ಮುಗಿಯಬೇಕಿದ್ದದ್ದು 2,600. ನೀವು ತೆಗೆದದ್ದು 9,600. ಹೆಚ್ಚಾಗಿ ತೆಗೆದ 7,000 ಪಾಯಿಂಟ್ ಮರಳಿ ಜಮಾ ಮಾಡಿ. ಆಗುವುದಿಲ್ಲವಾದರೆ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ತಿಳಿಸಿ, ವರ್ಷವಾರು ಲೆಕ್ಕ ಕಳಿಸಿ. 2023ರಲ್ಲಿ ನನ್ನ ಕಾರ್ಡ್ ನಂಬರ್ ಬದಲಾಗಿದೆ.'

ಜೊತೆಗೆ ಮೂರೇ ಕಾಗದ: ವೋಚರ್ ತೆಗೆದುಕೊಂಡ ತಿಂಗಳ ಸ್ಟೇಟ್‌ಮೆಂಟ್, ಈ ಏಪ್ರಿಲ್‌ನದ್ದು, ಷರತ್ತಿನ ಆ ಪುಟ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಸಾಕು, ಪೂರ್ತಿ ನಂಬರ್ ಬರೆಯಬೇಡಿ. ದೂರಿನ ನಂಬರ್ ಬಂದ ದಿನ ಬರೆದಿಡಿ.

30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ನಲ್ಲಿ ದೂರು ಹಾಕಬಹುದು. ದುಡ್ಡು ಕಟ್ಟಬೇಕಿಲ್ಲ, ವಕೀಲರೂ ಬೇಕಿಲ್ಲ.

ಶೈಲಜಾ: ಮೇಲ್ ಕಳಿಸಿದೆ ಸರ್. ಇಂಗ್ಲಿಷ್‌ನಲ್ಲಿ ಮಗಳು ಬರೆದುಕೊಟ್ಟಳು. ಆರ್‌ಬಿಐಗೂ ಇಂಗ್ಲಿಷ್‌ನಲ್ಲೇ ಬರೆಯಬೇಕಾ?

ಮೂರ್ತಿ: ಬೇಕಿಲ್ಲ. ಅಂಚೆಯಲ್ಲಿ ಚಂಡೀಗಢದ ಅವರ ಕೇಂದ್ರಕ್ಕೆ ಕಳಿಸುವ ದೂರು ಕನ್ನಡದಲ್ಲೇ ಇರಬಹುದು. ಏನಾದರೂ ಕೇಳಬೇಕಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.

ಶೈಲಜಾ: ಬ್ಯಾಂಕಿನ ಉತ್ತರ ಬಂತು. 'ನಮ್ಮ ಕಡೆ ತಪ್ಪಿಲ್ಲ. ಆದರೂ ಗ್ರಾಹಕರ ಮೇಲಿನ ಗೌರವದಿಂದ ಒಂದು ಸಲದ ಮಟ್ಟಿಗೆ 3,500 ಪಾಯಿಂಟ್ ಕೊಡುತ್ತೇವೆ, ಒಪ್ಪಿಗೆ ಇದ್ದರೆ ತಿಳಿಸಿ' ಅಂದಿದ್ದಾರೆ. ಷರತ್ತು ಯಾವುದು ಅಂತ ಹೇಳಿಲ್ಲ. ವರ್ಷವಾರು ಲೆಕ್ಕವೂ ಕಳಿಸಿಲ್ಲ. ಒಪ್ಪಿಕೊಳ್ಳಲಾ?

ನಾಗರಾಜ್: ತೆಗೆದುಕೊಳ್ಳಿ ಮೇಡಂ. ಪಾಯಿಂಟ್‌ಗೆ 25 ಪೈಸೆ ಅಂದರೂ ಒಟ್ಟು 7,000ಕ್ಕೆ 1,750 ರೂಪಾಯಿ. ಅರ್ಧ ಸಿಕ್ಕಿತಲ್ಲ.

ಮೂರ್ತಿ: ನಾಗರಾಜ್ ಅವರ ಲೆಕ್ಕ ಸರಿ ಇದೆ, ಎಷ್ಟು ದೂರ ಹೋಗಬೇಕು ಅನ್ನುವುದು ನಿಮ್ಮ ಇಷ್ಟ. ನನ್ನನ್ನು ಕೇಳಿದರೆ 'ಒಪ್ಪಿಗೆ' ಎಂಬ ಒಂದೇ ಪದ ಬರೆದು ಕಳಿಸಬೇಡಿ. ಅದನ್ನು ದೂರು ಮುಗಿಯಿತು ಅಂತ ದಾಖಲಿಸುತ್ತಾರೆ. '3,500 ಪಾಯಿಂಟ್ ಅನ್ನು ಬಾಕಿ 7,000ರ ಭಾಗವಾಗಿ ಮಾತ್ರ ಸ್ವೀಕರಿಸುತ್ತೇನೆ, ಉಳಿದದ್ದರ ಬಗ್ಗೆ ದೂರು ಹಾಗೇ ಇದೆ' ಅಂತ ಬರೆಯಿರಿ.

ಆ ಉತ್ತರವನ್ನು ಇನ್ನೊಮ್ಮೆ ಓದಿ. ಅದರಲ್ಲಿ ಆಂತರಿಕ ಓಂಬುಡ್ಸ್‌ಮನ್ ನೋಡಿದ್ದಾರೆ ಅಂತ ಎಲ್ಲಾದರೂ ಇದೆಯಾ? ದೊಡ್ಡ ಬ್ಯಾಂಕುಗಳು ಒಂದು ದೂರನ್ನು ಪೂರ್ತಿಯಾಗಿ ಅಥವಾ ಅರ್ಧಕ್ಕೆ ತಳ್ಳಿಹಾಕುವ ಮೊದಲು ತಮ್ಮಲ್ಲಿರುವ ಆ ಅಧಿಕಾರಿಗೆ ಕಳಿಸಲೇಬೇಕು. ಅರ್ಧ ಕೊಡುವುದು ಅಂದರೆ ಅರ್ಧ ತಳ್ಳಿಹಾಕಿದಂತೆ.

ಶೈಲಜಾ: ಹುಡುಕಿದೆ ಸರ್, ಆ ಮಾತೇ ಇಲ್ಲ. ನೀವು ಹೇಳಿದ ಹಾಗೆಯೇ ಉತ್ತರ ಬರೆದು, ಆಂತರಿಕ ಓಂಬುಡ್ಸ್‌ಮನ್‌ಗೆ ಕಳಿಸಿದ್ದೀರಾ ಅಂತಲೂ ಕೇಳಿದ್ದೇನೆ. 30 ದಿನ ಮತ್ತೆ ಹೊಸದಾಗಿ ಎಣಿಸಬೇಕಾ?

ಮೂರ್ತಿ: ಇಲ್ಲ, ಮೊದಲ ಮೇಲ್‌ನಿಂದಲೇ. ಅರ್ಧ ತಳ್ಳಿಹಾಕಿದ ಉತ್ತರ ಕೈಗೆ ಬಂದಿರುವುದರಿಂದ ನಿಮಗೆ ಅಷ್ಟು ದಿನ ಕಾಯುವ ಅಗತ್ಯವೂ ಇಲ್ಲ. ಪೋರ್ಟಲ್‌ನಲ್ಲಿ ದೂರು ಹಾಕುವಾಗ ಆ ಉತ್ತರವನ್ನೂ ಲಗತ್ತಿಸಿ.

ಪ್ರವೀಣ್: ನನಗೂ ಉತ್ತರ ಬಂತು ಸರ್. ಕೋಡ್ 5311 ಅಂತೆ. ಷರತ್ತಿನ ಪುಟ ಈಗ ಸೈಟ್‌ನಲ್ಲಿ ತೆರೆಯುತ್ತಿಲ್ಲ.

ಮೂರ್ತಿ: ಆಫರ್ ನಡೆಯುತ್ತಿದ್ದಾಗ ಇದ್ದ ಷರತ್ತಿನ ಪ್ರತಿ ಕಳಿಸಿ ಅಂತ ಅದೇ ದೂರಿನ ನಂಬರಿನಡಿ ಕೇಳಿ. ಬಂದ ಮೇಲೆ ಇಲ್ಲಿ ಹಾಕಿ, ನೋಡೋಣ.